ಸೋತ ಯೋಜನೆಯನ್ನು ಸಭೆಯ ಮುಂದಿಡುವುದು ಹೇಗೆ?

ಯೋಜನೆಯೊಂದು ನೆಲಕಚ್ಚಿದ ಮೇಲೂ ಅದನ್ನು ನಡೆಸಿದ ತಂಡಕ್ಕೆ ಒಂದು ಕೆಲಸ ಬಾಕಿ ಉಳಿದಿರುತ್ತದೆ. ಹಣ ಕೊಟ್ಟವರು, ಮೇಲಧಿಕಾರಿಗಳು, ಜೊತೆಗೆ ದುಡಿದ ಬೇರೆ ವಿಭಾಗದವರು ಎಲ್ಲರೂ ಕೂತ ಸಭೆಯಲ್ಲಿ ಏನಾಯಿತು, ಏಕಾಯಿತು, ಮುಂದೇನು ಎಂಬುದನ್ನು ಹೇಳಬೇಕು. ಕಚೇರಿಗಳಲ್ಲಿ ಇದನ್ನು ಪೋಸ್ಟ್‌ಮಾರ್ಟಂ ಮೀಟಿಂಗ್ ಎನ್ನುತ್ತಾರೆ.

ಈ ಸಭೆ ಹಳಿ ತಪ್ಪುವುದು ಬಹುಪಾಲು ಎರಡು ರೀತಿಯಲ್ಲಿ. ಒಂದೋ ಅದು ಪಂಚಾಯಿತಿ ಕಟ್ಟೆಯಾಗುತ್ತದೆ. ಮೂರನೇ ಸ್ಲೈಡ್ ಬರುವಷ್ಟರಲ್ಲಿ ಯಾರದೋ ಹೆಸರು ಎದ್ದು, ಉಳಿದ ಹೊತ್ತೆಲ್ಲ ಆರೋಪಕ್ಕೂ ಸಮಜಾಯಿಷಿಗೂ ಹೋಗುತ್ತದೆ. ಇಲ್ಲವೇ ಎಲ್ಲರೂ ಎಲ್ಲರ ಮುಖ ಉಳಿಸಲು ಹೊರಟು, ‘ಕೆಲವು ಸವಾಲುಗಳು ಎದುರಾದವು, ಬಹಳಷ್ಟು ಕಲಿತೆವು’ ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ. ಎರಡೂ ಕಡೆ ಮುಂದಿನ ಯೋಜನೆಗೆ ಒಯ್ಯುವಂಥದ್ದು ಏನೂ ಸಿಗುವುದಿಲ್ಲ.

ಮಂಡನೆ ಮಾಡುವವರು ಒಳ್ಳೆಯ ಸ್ವಭಾವದವರೇ ಕೆಟ್ಟವರೇ ಎಂಬುದಕ್ಕಿಂತ, ವಿಷಯವನ್ನು ಯಾವ ಕ್ರಮದಲ್ಲಿ ಜೋಡಿಸಿದ್ದಾರೆ, ಕಾರಣಗಳನ್ನು ಯಾವ ವಾಕ್ಯದಲ್ಲಿ ಬರೆದಿದ್ದಾರೆ ಎಂಬುದು ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಇದನ್ನು ತೋರಿಸಲು ನಮ್ಮ ಮನೆಯಂಗಳದಲ್ಲೇ ನಡೆದ ಒಂದು ದೊಡ್ಡ ಪ್ರಕರಣವಿದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಅಪ್ಪಳಿಸಿತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊ ಕೇಂದ್ರದ ಪರದೆಗಳಲ್ಲಿ ದೇಶ ಅದನ್ನು ನೇರವಾಗಿ ನೋಡಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಮೆತ್ತಗೆ ಇಳಿಯಿತು. ಈ ಎರಡು ದಿನಗಳ ನಡುವೆ ಇಸ್ರೊ ತನ್ನ ಸೋಲನ್ನು ವಿವರಿಸಿಕೊಂಡ ಬಗೆಯಲ್ಲಿ ನಮಗೆ ಬೇಕಾದ ಅಚ್ಚು ಸಿಗುತ್ತದೆ. ಇಸ್ರೊದ ಒಳಗಿನ ಸಭೆಗಳ ಸ್ಲೈಡುಗಳು ಸಾರ್ವಜನಿಕವಾಗಿಲ್ಲ. ಆದರೆ 2019ರ ನವೆಂಬರಿನಲ್ಲಿ ಸರ್ಕಾರ ಲೋಕಸಭೆಗೆ ಕೊಟ್ಟ ಲಿಖಿತ ಉತ್ತರವಿದೆ, 2023ರ ಜುಲೈನಲ್ಲಿ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ಕೊಟ್ಟ ವಿವರಣೆ ಇದೆ. ಇವೆರಡನ್ನು ಇಟ್ಟುಕೊಂಡು, ಒಂದು ಗಂಟೆಯ ಮಂಡನೆಯನ್ನು ನಾವೇ ಕಟ್ಟುವುದಾದರೆ ಹೇಗಿರಬೇಕು ಎಂದು ನೋಡೋಣ.

ಮೊದಲ ಸ್ಲೈಡ್: ಫಲಿತಾಂಶ

ಮೊದಲ ಸ್ಲೈಡಿನಲ್ಲಿ ಎರಡು ಮೂರು ವಾಕ್ಯ ಸಾಕು. ಏನು ಮಾಡಬೇಕೆಂದು ಹೊರಟಿದ್ದೆವು, ಏನಾಯಿತು. ‘ಲ್ಯಾಂಡರನ್ನು ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಮೆತ್ತಗೆ ಇಳಿಸಬೇಕಿತ್ತು. ಅದು ಗೊತ್ತುಪಡಿಸಿದ ಜಾಗದಿಂದ 500 ಮೀಟರ್ ಒಳಗೆ ಅಪ್ಪಳಿಸಿತು. ಲ್ಯಾಂಡರ್, ರೋವರ್ ಎರಡೂ ಕೈತಪ್ಪಿದವು.’ ಇಷ್ಟೇ.

ಸೋಲಿನ ಮಾತನ್ನು ಮೊದಲೇ ಆಡಿಬಿಟ್ಟರೆ ಸಭೆ ನಿರಾಳವಾಗುತ್ತದೆ. ಆಡದಿದ್ದರೆ, ಕೂತವರು ನೀವು ಅದನ್ನು ಯಾವಾಗ ಒಪ್ಪಿಕೊಳ್ಳುತ್ತೀರಿ ಎಂದು ಕಾಯುತ್ತಲೇ ಇರುತ್ತಾರೆ. ನಡುವೆ ನೀವು ಹೇಳುವ ಯಾವುದೂ ಅವರ ಕಿವಿಗೆ ಇಳಿಯುವುದಿಲ್ಲ. ಚಂದ್ರಯಾನ-2ರ ಮೊದಲ ದಿನಗಳಲ್ಲೇ ಇದರ ಒಂದು ಪಾಠವಿದೆ. ಅಪ್ಪಳಿಸಿದ ದಿನವೇ ಇಸ್ರೊ ಹೊರಡಿಸಿದ ಹೇಳಿಕೆಯಲ್ಲಿ, ಯಾನದ ಗುರಿಗಳಲ್ಲಿ ಶೇ 90ರಿಂದ 95ರಷ್ಟು ಈಡೇರಿವೆ ಎಂಬ ಮಾತಿತ್ತು. ಹಂತಹಂತಕ್ಕೂ ಗೊತ್ತುಪಡಿಸಿದ್ದ ಗುರಿಗಳ ಲೆಕ್ಕವದು, ಆರ್ಬಿಟರ್ ನಿಜಕ್ಕೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೂ ಲ್ಯಾಂಡರ್ ಕಳೆದುಕೊಂಡ ದಿನವೇ ಬಂದ ಆ ಅಂಕಿಯನ್ನು ಬಹಳ ಜನ ಮುಚ್ಚಿಹಾಕುವ ಪ್ರಯತ್ನವೆಂದೇ ತಿಳಿದರು. ಶೇಕಡಾವಾರು ಲೆಕ್ಕ ಮೊದಲ ಸ್ಲೈಡಿಗೆ ಸಲ್ಲುವುದಿಲ್ಲ. ಸೋತ ಭಾಗ ಯಾವುದೋ ಅದನ್ನು ಹೆಸರು ಹಿಡಿದು ಹೇಳಿ, ನಷ್ಟದ ಗಾತ್ರವನ್ನು ಹಣದಲ್ಲೋ ದಿನಗಳಲ್ಲೋ ತೋರಿಸಿ, ಮುಂದಕ್ಕೆ ಹೋಗಬೇಕು.

ಎರಡನೆಯದು: ಉಳಿದದ್ದು ಏನು?

ಗೆದ್ದ ಭಾಗದ ಮಾತು ಬರಬೇಕಾದ್ದು ಇಲ್ಲಿ, ಸೋಲನ್ನು ಹೇಳಿಯಾದ ಮೇಲೆ. ಅದಕ್ಕೂ ಒಂದು ಒರೆಗಲ್ಲು ಬೇಕು: ಈ ಸ್ಲೈಡಿಗೆ ಬರುವ ಪ್ರತಿಯೊಂದು ಅಂಶವೂ ಮುಂದಿನ ಕೆಲಸದಲ್ಲಿ ಬಳಕೆಗೆ ಬರುವಂಥದ್ದಾಗಿರಬೇಕು. ‘ತಂಡ ಹಗಲಿರುಳು ದುಡಿಯಿತು’ ಎಂಬುದು ನಿಜವಿರಬಹುದು, ಆದರೆ ಅದಕ್ಕೆ ಧನ್ಯವಾದ ಹೇಳಲು ಬೇರೆ ಜಾಗವಿದೆ.

ಚಂದ್ರಯಾನ-2ರಲ್ಲಿ ಉಳಿದದ್ದು ಆರ್ಬಿಟರ್. ಉಡಾವಣೆ ಮತ್ತು ಪಥದ ನಿರ್ವಹಣೆ ಕರಾರುವಾಕ್ಕಾಗಿ ನಡೆದದ್ದರಿಂದ ಇಂಧನ ಉಳಿಯಿತು. ಒಂದು ವರ್ಷಕ್ಕೆಂದು ಕಳಿಸಿದ ನೌಕೆ ಸುಮಾರು ಏಳು ವರ್ಷ ಬಾಳುವುದೆಂದು ಇಸ್ರೊ ಹೇಳಿತು. ಅದರ ಕ್ಯಾಮೆರಾ ಚಂದ್ರನ ನೆಲದ ಮೇಲೆ ಸುಮಾರು 30 ಸೆಂಟಿಮೀಟರ್ ಗಾತ್ರದ ವಿವರವನ್ನೂ ತೋರಿಸಬಲ್ಲದು. ಮುಂದಿನ ಯಾನಕ್ಕೆ ಇಳಿಯುವ ಜಾಗ ಹುಡುಕಲು ಆ ಚಿತ್ರಗಳೇ ನೆರವಾದವು. ಚಂದ್ರಯಾನ-3ಕ್ಕೆ ಹೊಸ ಆರ್ಬಿಟರ್ ಕಳಿಸುವ ಅಗತ್ಯವೇ ಬೀಳಲಿಲ್ಲ; ಹಳೆಯ ಆರ್ಬಿಟರ್ ಹೊಸ ಲ್ಯಾಂಡರಿನೊಂದಿಗೆ ಸಂಪರ್ಕ ಸಾಧಿಸಿ ಸಂದೇಶಗಳನ್ನು ಭೂಮಿಗೆ ದಾಟಿಸುವ ಕೊಂಡಿಯೂ ಆಯಿತು.

ಆರ್ಬಿಟರಿನ ಬಗ್ಗೆ ಹೀಗೆ ಹೇಳಿದಾಗ ಅದು ಸಮಾಧಾನದ ಮಾತಾಗಿ ಕೇಳಿಸುವುದಿಲ್ಲ, ದಾಸ್ತಾನಿನ ಪಟ್ಟಿಯಾಗಿ ಕೇಳಿಸುತ್ತದೆ. ಹಣ ಕೊಡುವವರಿಗೆ ಅದೊಂದು ಲೆಕ್ಕವೂ ಆಗುತ್ತದೆ: ಎರಡನೇ ಸಲ ಇದಿಷ್ಟಕ್ಕೆ ಖರ್ಚು ಮಾಡಬೇಕಿಲ್ಲ.

ಮೂರನೆಯದು: ಘಟನೆಗಳ ಸರಣಿ

ಈಗ ನಡೆದದ್ದನ್ನು ನಡೆದ ಕ್ರಮದಲ್ಲೇ ಇಡಬೇಕು, ಕಾರಣದ ಮಾತು ಇನ್ನೂ ಬೇಡ. ಲೋಕಸಭೆಗೆ ಕೊಟ್ಟ ಉತ್ತರ ಈ ವಿಷಯದಲ್ಲಿ ಮಾದರಿಯಂತಿದೆ. ಇಳಿಯುವ ಮೊದಲ ಹಂತದಲ್ಲಿ ಲ್ಯಾಂಡರ್ 30 ಕಿಲೋಮೀಟರ್ ಎತ್ತರದಿಂದ 7.4 ಕಿಲೋಮೀಟರಿಗೆ ಬಂತು. ವೇಗ ಸೆಕೆಂಡಿಗೆ 1683 ಮೀಟರಿನಿಂದ 146 ಮೀಟರಿಗೆ ಇಳಿಯಿತು. ಇಲ್ಲಿಯವರೆಗೆ ಎಲ್ಲ ಎಣಿಸಿದಂತೆಯೇ ಇತ್ತು. ಎರಡನೇ ಹಂತದಲ್ಲಿ ವೇಗ ವಿನ್ಯಾಸದಲ್ಲಿ ಇದ್ದುದಕ್ಕಿಂತ ಹೆಚ್ಚು ತಗ್ಗಿತು. ಹೀಗಾಗಿ ಅದರ ಮುಂದಿನ ಹಂತ ಶುರುವಾಗುವಾಗ ನೌಕೆಯ ಸ್ಥಿತಿ ವಿನ್ಯಾಸದ ಮಿತಿಗಳ ಹೊರಗಿತ್ತು. ಕೊನೆಗೆ ಅದು ನೆಲಕ್ಕೆ ಬಡಿಯಿತು.

ಈ ನಿರೂಪಣೆಯಲ್ಲಿ ಒಬ್ಬ ಮನುಷ್ಯನ ಹೆಸರೂ ಇಲ್ಲ, ಒಂದು ವಿಶೇಷಣವೂ ಇಲ್ಲ. ಎಲ್ಲಿಯವರೆಗೆ ಸರಿಯಿತ್ತು, ಯಾವ ಘಟ್ಟದಲ್ಲಿ ಎಣಿಕೆಗೂ ನಡೆದದ್ದಕ್ಕೂ ಅಂತರ ಬಿತ್ತು, ಆ ಅಂತರ ಮುಂದಿನ ಹಂತಕ್ಕೆ ಹೇಗೆ ದಾಟಿತು ಎಂಬುದು ಮಾತ್ರ ಇದೆ. ಸಭೆಯಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ನಡೆದದ್ದೇನು ಎಂಬುದರಲ್ಲೇ ಒಮ್ಮತವಿಲ್ಲದಾಗ. ಆದ್ದರಿಂದ ಈ ಸ್ಲೈಡನ್ನು ಮೂರು ಕಾಲಂಗಳಲ್ಲಿ ಬರೆಯುವುದು ಒಳ್ಳೆಯದು. ಎಣಿಸಿದ್ದು, ನಡೆದದ್ದು, ಮತ್ತು ಆ ಹೊತ್ತಿಗೆ ನಮಗೆ ಗೊತ್ತಿದ್ದದ್ದು.

ಮೂರನೇ ಕಾಲಂ ಎಲ್ಲಕ್ಕಿಂತ ಮುಖ್ಯ. ಫಲಿತಾಂಶ ತಿಳಿದ ಮೇಲೆ, ಅದು ಮೊದಲೇ ಗೊತ್ತಾಗುವಂತಿತ್ತು ಎಂದು ಮನಸ್ಸು ನಂಬಿಬಿಡುತ್ತದೆ. ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲಿ ಪ್ರಯೋಗಗಳಿಂದ ಇದನ್ನು ತೋರಿಸಿದರು. ಒಂದು ಘಟನೆಯ ಕೊನೆ ಏನಾಯಿತೆಂದು ತಿಳಿಸಿದವರಿಗೆ ಆ ಕೊನೆಯೇ ಹೆಚ್ಚು ಸಂಭವನೀಯವೆಂದು ಕಾಣುತ್ತಿತ್ತು. ತಿಳಿಸದವರಿಗೆ ಹಾಗೆ ಕಾಣುತ್ತಿರಲಿಲ್ಲ. ‘ಅಷ್ಟೂ ತಿಳಿಯಲಿಲ್ಲವೇ?’ ಎಂಬ ಪ್ರಶ್ನೆ ಸಭೆಯಲ್ಲಿ ಏಳುವುದು ಈ ಮನೋಧರ್ಮದಿಂದ. ‘ಆ ದಿನ, ಆ ಗಂಟೆಗೆ, ನಮ್ಮ ಕೈಲಿದ್ದ ಕಾಗದ ಇಷ್ಟು’ ಎಂದು ಮೂರನೇ ಕಾಲಂ ಅದಕ್ಕೆ ಉತ್ತರಿಸುತ್ತದೆ. ಒಂದು ವೇಳೆ ಎಚ್ಚರಿಕೆಯ ಪತ್ರವೊಂದು ಆಗಲೇ ಬಂದಿದ್ದು ಯಾರೂ ನೋಡಿರಲಿಲ್ಲವೆಂದಾದರೆ, ಅದೂ ಅದೇ ಕಾಲಂನಲ್ಲಿ ದಾಖಲಾಗಬೇಕು. ಆಗ ಪ್ರಶ್ನೆ ಹರಿತವಾಗುತ್ತದೆ: ಬಂದ ಪತ್ರ ಸರಿಯಾದ ಮೇಜಿಗೆ ಏಕೆ ತಲುಪಲಿಲ್ಲ?

ನಾಲ್ಕನೆಯದು: ಕಾರಣವನ್ನು ಮಿತಿಯಾಗಿ ಬರೆಯುವುದು

ಇಡೀ ಮಂಡನೆಯ ನಡುಗಂಬ ಇದು. ಸೋಮನಾಥ್ ಅವರ ವಿವರಣೆಯಲ್ಲಿ ಮೂರು ಕಾರಣಗಳಿದ್ದವು. ಮೊದಲನೆಯದು, ವೇಗ ತಗ್ಗಿಸಲು ಇದ್ದ ಐದು ಎಂಜಿನ್ನುಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕುಬಲ ಕೊಟ್ಟವು. ಆ ವ್ಯತ್ಯಾಸದಿಂದಾದ ದೋಷ ಸ್ವಲ್ಪ ಹೊತ್ತು ಒಂದರ ಮೇಲೊಂದು ಕೂಡುತ್ತಾ ಹೋಯಿತು. ಎರಡನೆಯದು, ಕೂಡಿದ ದೋಷವನ್ನು ತಿದ್ದಿಕೊಳ್ಳಲು ನೌಕೆ ಬಹಳ ವೇಗವಾಗಿ ತಿರುಗಬೇಕಾಯಿತು. ಆದರೆ ಅಷ್ಟು ವೇಗದ ತಿರುವು ಬೇಕಾದೀತೆಂದು ಯಾರೂ ಎಣಿಸದಿದ್ದ ಕಾರಣ, ತಂತ್ರಾಂಶದಲ್ಲಿ ತಿರುಗುವ ವೇಗಕ್ಕೆ ಮಿತಿ ಹಾಕಲಾಗಿತ್ತು. ಮೂರನೆಯದು, ಇಳಿಯಬೇಕಾದ ಜಾಗ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ನೆಲ ಹತ್ತಿರವಾಗುತ್ತಿದ್ದರೂ ಆ ಜಾಗ ಮುಟ್ಟಲೆಂದು ನೌಕೆ ವೇಗ ಹೆಚ್ಚಿಸಿಕೊಳ್ಳುತ್ತಲೇ ಇತ್ತು.

ಈ ಮೂರು ವಾಕ್ಯಗಳ ಕಟ್ಟಡವನ್ನು ಗಮನಿಸಿ. ಮೂರರಲ್ಲೂ ಕರ್ತೃಸ್ಥಾನದಲ್ಲಿರುವುದು ಎಂಜಿನ್, ತಂತ್ರಾಂಶ, ಜಾಗದ ಅಳತೆ. ಮೂರೂ ‘ನಾವು ಇಷ್ಟಕ್ಕೆ ಮಾತ್ರ ಸಿದ್ಧವಾಗಿದ್ದೆವು, ಅದಕ್ಕಿಂತ ಹೆಚ್ಚು ಬಂತು’ ಎನ್ನುತ್ತವೆ. ಕಾರಣಗಳು ಒಂಟಿಯಾಗಿಯೂ ಇಲ್ಲ. ಎಂಜಿನ್ನಿನ ಹೆಚ್ಚುವರಿ ಬಲವೊಂದೇ ನೌಕೆಯನ್ನು ಬೀಳಿಸಿತೆಂದು ಹೇಳಲಾಗದು. ಅದನ್ನು ತಿದ್ದಲು ತಂತ್ರಾಂಶಕ್ಕೆ ಆಸ್ಪದವಿದ್ದಿದ್ದರೆ, ಅಥವಾ ಇಳಿಯುವ ಜಾಗ ದೊಡ್ಡದಿದ್ದಿದ್ದರೆ, ಕಥೆ ಬೇರೆಯಾಗಬಹುದಿತ್ತು. ಯೋಜನೆಗಳು ಒಂದೇ ತಪ್ಪಿಗೆ ಬೀಳುವುದು ಕಡಿಮೆ. ಆದ್ದರಿಂದ ‘ಮೂಲ ಕಾರಣ’ ಎಂದು ಒಂದೇ ಒಂದನ್ನು ಬರೆದ ಸ್ಲೈಡ್ ಕಂಡರೆ, ಹುಡುಕಾಟ ಬೇಗ ನಿಂತಿದೆ ಎಂದು ಅನುಮಾನಿಸಬೇಕು. ಮನುಷ್ಯನ ಹೆಸರು ಬಂದ ಕೂಡಲೇ ಹುಡುಕಾಟ ನಿಲ್ಲುವುದು ಇನ್ನೂ ಸಾಮಾನ್ಯ.

ಇದನ್ನು ನಮ್ಮ ನಿಮ್ಮ ಕಚೇರಿಯ ಅಳತೆಗೆ ಇಳಿಸೋಣ. ಒಂದು ಗ್ರಾಹಕರ ಸಹಕಾರ ಸಂಘ ತನ್ನ 14 ಮಳಿಗೆಗಳಿಗೆ ಹೊಸ ಬಿಲ್ಲಿಂಗ್ ತಂತ್ರಾಂಶ ಹಾಕಿಸಿತೆಂದು ಊಹಿಸಿಕೊಳ್ಳಿ. ತಿಂಗಳ ಒಂದನೇ ತಾರೀಕು ಶುರುವಾಯಿತು. ಕೌಂಟರಿನ ಮುಂದೆ ಸಾಲು ಬೀದಿಗೆ ಬಂತು. ಮೂರನೇ ದಿನ ಹಳೆಯ ಪದ್ಧತಿಗೆ ಮರಳಬೇಕಾಯಿತು. ಸಭೆಗೆ ಮೊದಲು ಬರೆದುಕೊಂಡ ಕರಡಿನಲ್ಲಿ ಮೂರು ವಾಕ್ಯಗಳಿವೆ. ‘ಪರೀಕ್ಷೆ ಮಾಡಿದವರು ಸರಿಯಾಗಿ ಮಾಡಲಿಲ್ಲ. ಖರೀದಿ ವಿಭಾಗ ಬೆಲೆಪಟ್ಟಿ ತಡವಾಗಿ ಕೊಟ್ಟಿತು. ಮ್ಯಾನೇಜರ್ ಬೇಗ ನಿರ್ಧಾರ ತೆಗೆದುಕೊಳ್ಳಲಿಲ್ಲ.’ ಮೂರೂ ನಿಜವೇ ಇರಬಹುದು. ಆದರೆ ಮೂರಕ್ಕೂ ಪರಿಹಾರವೇನೆಂದು ಕೇಳಿದರೆ ಸಿಗುವುದು ‘ಇನ್ನು ಮುಂದೆ ಜಾಗ್ರತೆಯಿಂದಿರಬೇಕು’ ಎಂಬ ಒಂದೇ ಉತ್ತರ.

ಅವನ್ನೇ ಮಿತಿಗಳಾಗಿ ಬರೆದು ನೋಡಿ. ‘ಪರೀಕ್ಷೆ ನಡೆದದ್ದು ಒಂದೇ ಕೌಂಟರಿನಲ್ಲಿ, 200 ವಸ್ತುಗಳ ಪಟ್ಟಿಯ ಮೇಲೆ, ಮಳಿಗೆಯಲ್ಲಿ ಇದ್ದದ್ದು 6,000 ವಸ್ತು, ಒಟ್ಟಿಗೆ ತೆರೆದದ್ದು ಆರು ಕೌಂಟರ್. ಬೆಲೆಪಟ್ಟಿ ಬರಬೇಕಾದ ಕೊನೆಯ ದಿನವನ್ನು ಯೋಜನೆಯಲ್ಲಿ ಗೊತ್ತುಮಾಡಿರಲಿಲ್ಲ. ಅದು ಹಿಂದಿನ ರಾತ್ರಿ ಬಂದರೂ ತಡೆಯುವ ನಿಯಮ ಇರಲಿಲ್ಲ. ಎಷ್ಟು ಹೊತ್ತು ಸಾಲು ನಿಂತರೆ ಹಳೆಯ ಪದ್ಧತಿಗೆ ಮರಳಬೇಕು ಎಂಬುದನ್ನು ಮೊದಲೇ ಬರೆದಿಟ್ಟಿರಲಿಲ್ಲ. ಹಾಗಾಗಿ ಮರಳುವ ಭಾರವೆಲ್ಲ ಮ್ಯಾನೇಜರ್ ಒಬ್ಬರ ಮೇಲೆ ಬಿತ್ತು.’ ಈಗ ಪ್ರತಿ ವಾಕ್ಯದ ಪಕ್ಕದಲ್ಲೂ ಒಂದು ಬದಲಾವಣೆ ತಾನಾಗಿಯೇ ಕಾಣುತ್ತದೆ. ಕಾರಣವನ್ನು ಸರಿಯಾಗಿ ಬರೆದಿದ್ದೇವೆಯೇ ಎಂದು ತಿಳಿಯುವ ಗುರುತೂ ಇದೇ: ಅದರ ಎದುರಿಗೆ ಮಾಡಬಹುದಾದ ಕೆಲಸವೊಂದನ್ನು ಬರೆಯಲು ಸಾಧ್ಯವಾಗಬೇಕು.

ಹೀಗೆ ಬರೆದರೆ ಹೊಣೆ ಕರಗಿಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮಿತಿಗಳನ್ನು ಇಟ್ಟದ್ದೂ ನಾವೇ ಆದ್ದರಿಂದ ಹೊಣೆ ಕರಗುವುದಿಲ್ಲ. ಒಬ್ಬನ ಹೆಗಲಿನಿಂದ, ಆ ಮಿತಿಗೆ ಒಪ್ಪಿಗೆ ಕೊಟ್ಟ ಇಡೀ ವ್ಯವಸ್ಥೆಯ ಮೇಲೆ ಹರಡುತ್ತದೆ. ಆದರೆ ಈ ಕ್ರಮಕ್ಕೂ ಒಂದು ಎಲ್ಲೆ ಇದೆ. ಹಣ ನುಂಗಿದ್ದು, ಪರೀಕ್ಷೆ ಮಾಡದೆಯೇ ಮಾಡಿದೆನೆಂದು ಸಹಿ ಹಾಕಿದ್ದು, ಇಂಥವು ಪೋಸ್ಟ್‌ಮಾರ್ಟಂ ಸಭೆಗೆ ಸೇರಿದ ವಿಷಯಗಳೇ ಅಲ್ಲ. ಅವಕ್ಕೆ ಬೇರೆ ವಿಚಾರಣೆ ನಡೆಯಬೇಕು. ಎರಡನ್ನೂ ಒಂದೇ ಕೋಣೆಯಲ್ಲಿ ನಡೆಸಿದರೆ ಪ್ರಾಮಾಣಿಕವಾಗಿ ತಪ್ಪಿದವರೂ ಬಾಯಿ ಬಿಡುವುದಿಲ್ಲ.

ಐದನೆಯದು: ಬದಲಾವಣೆ ಮತ್ತು ಅದರ ಪರೀಕ್ಷೆ

ಒಂದು ಗಂಟೆಯ ಮಂಡನೆಯಲ್ಲಿ ಇದಕ್ಕೆ ಇಪ್ಪತ್ತು ನಿಮಿಷವಾದರೂ ಇರಬೇಕು. ಮೊದಲ ಎರಡು ಸ್ಲೈಡುಗಳಿಗೆ ಒಟ್ಟು ಹತ್ತು ನಿಮಿಷ, ಸರಣಿಗೆ ಹತ್ತು, ಕಾರಣಗಳಿಗೆ ಹತ್ತು, ಕೊನೆಯ ನಿರ್ಧಾರಕ್ಕೆ ಹತ್ತು ಎಂದಿಟ್ಟುಕೊಂಡರೆ ಅರ್ಧ ಹೊತ್ತು ಮುಂದಿನ ಮಾತಿಗೇ ಸಿಗುತ್ತದೆ. ಸಭೆ ಮುಂದಕ್ಕೆ ನೋಡುತ್ತದೆಯೋ ಹಿಂದಕ್ಕೋ ಎಂಬುದು ಕೊನೆಗೆ ಈ ಗಡಿಯಾರದ ಲೆಕ್ಕದಿಂದಲೇ ತೀರ್ಮಾನವಾಗುತ್ತದೆ.

ಚಂದ್ರಯಾನ-3ರಲ್ಲಿ ಕಾರಣಗಳ ಎದುರಿಗೆ ಬದಲಾವಣೆಗಳು ಹೇಗೆ ಕೂತವೆಂದು ನೋಡಿ. ಜಾಗ ಚಿಕ್ಕದಾಗಿತ್ತು, ಅದನ್ನು ಸುಮಾರು 4 ಕಿಲೋಮೀಟರ್ ಉದ್ದ, 2.5 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿ, ಅದರೊಳಗೆ ಎಲ್ಲಿ ಬೇಕಾದರೂ ಇಳಿಯಬಹುದೆಂದರು. ಎಣಿಕೆ ತಪ್ಪಿದಾಗ ಸುಧಾರಿಸಿಕೊಳ್ಳಲು ಆಸ್ಪದವಿರಲಿಲ್ಲ. ಹೆಚ್ಚು ಇಂಧನ ತುಂಬಿದರು, ಬೇಕಾದರೆ ಬೇರೆ ಜಾಗಕ್ಕೆ ಸರಿಯುವಂತೆ. ಎಂಜಿನ್ನುಗಳನ್ನು ಐದರಿಂದ ನಾಲ್ಕಕ್ಕೆ ಇಳಿಸಿದರು. ವೇಗವನ್ನು ನೇರವಾಗಿ ಅಳೆಯುವ ಲೇಸರ್ ಡಾಪ್ಲರ್ ವೆಲಾಸಿಮೀಟರ್ ಎಂಬ ಹೊಸ ಉಪಕರಣ ಸೇರಿಸಿದರು. ಕಾಲುಗಳನ್ನು ಬಲಪಡಿಸಿ, ಸೆಕೆಂಡಿಗೆ 2 ಮೀಟರ್ ಬದಲು 3 ಮೀಟರ್ ವೇಗದಲ್ಲಿ ನೆಲ ಮುಟ್ಟಿದರೂ ತಡೆದುಕೊಳ್ಳುವಂತೆ ಮಾಡಿದರು. ನೌಕೆ ಯಾವ ಕಡೆಗೆ ವಾಲಿ ಇಳಿದರೂ ವಿದ್ಯುತ್ ಸಿಗಲೆಂದು ಬೇರೆ ಬದಿಗಳಿಗೂ ಸೌರ ಫಲಕ ಹಾಕಿದರು.

ಈ ಪಟ್ಟಿಯಲ್ಲಿ ಎರಡು ಬಗೆಯ ಅಂಶಗಳಿವೆ. ಕೆಲವು ಕಳೆದ ಸಲ ತಪ್ಪಿದ್ದಕ್ಕೆ ಮದ್ದು. ಕಾಲು, ಸೌರ ಫಲಕಗಳಂಥವು ಕಳೆದ ಸಲ ತಪ್ಪಿರಲೇ ಇಲ್ಲ. ಅಲ್ಲಿಯವರೆಗೆ ಕಥೆ ಹೋಗಿರಲೇ ಇಲ್ಲ. ಸೋಮನಾಥ್ ಹೇಳಿದ ಮಾತಿನ ಸಾರ ಇಷ್ಟು: ಚಂದ್ರಯಾನ-2ರ ವಿನ್ಯಾಸ ಎಲ್ಲ ಸರಿಹೋದರೆ ಎಂಬುದನ್ನು ಆಧರಿಸಿತ್ತು, ಚಂದ್ರಯಾನ-3ರಲ್ಲಿ ಏನೇನು ಕೈಕೊಡಬಹುದು, ಕೊಟ್ಟರೆ ಹೇಗೆ ಕಾಪಾಡಿಕೊಳ್ಳುವುದು ಎಂಬುದರಿಂದಲೇ ಹೊರಟೆವು. ಮುಂದಕ್ಕೆ ನೋಡುವ ಮಂಡನೆ ಕಳೆದ ಸಲದ ತೂತನ್ನಷ್ಟೇ ಮುಚ್ಚಿ ಸುಮ್ಮನಾಗುವುದಿಲ್ಲ. ಅದೇ ಬಗೆಯ ಸಂಕುಚಿತ ಎಣಿಕೆ ಇನ್ನೆಲ್ಲಿ ಅಡಗಿದೆ ಎಂದೂ ಕೇಳುತ್ತದೆ. ಬಿಲ್ಲಿಂಗ್ ಉದಾಹರಣೆಯಲ್ಲಿ ಬೆಲೆಪಟ್ಟಿಗೆ ಕೊನೆಯ ದಿನ ಇರಲಿಲ್ಲವೆಂದಾದರೆ, ದಾಸ್ತಾನು ಎಣಿಕೆಗೆ ಇದೆಯೇ? ತೆರಿಗೆಯ ದರಗಳ ಪಟ್ಟಿಗೆ ಇದೆಯೇ?

ಬದಲಾವಣೆಯ ಪಕ್ಕದಲ್ಲಿ ಮತ್ತೊಂದು ಕಾಲಂ ಇರಬೇಕು: ಇದು ಕೆಲಸ ಮಾಡುತ್ತದೆಂದು ಯಾವ ಪರೀಕ್ಷೆಯಿಂದ ತಿಳಿಯುತ್ತೇವೆ? ಇಸ್ರೊ ಮೂರು ದೊಡ್ಡ ಪರೀಕ್ಷೆಗಳನ್ನು ಹೆಸರಿಸಿತ್ತು. ಸಂವೇದಕಗಳು ಮತ್ತು ದಾರಿ ಹಿಡಿಯುವ ವ್ಯವಸ್ಥೆಯನ್ನು ಹೆಲಿಕಾಪ್ಟರಿಗೆ ಕಟ್ಟಿ ಹಾರಿಸಿ ನೋಡಿದರು. ಎಂಜಿನ್ ಉರಿಯುತ್ತಿರುವಾಗ ಸಂವೇದಕ, ಎಂಜಿನ್, ನಿಯಂತ್ರಣ ಎಲ್ಲವೂ ಒಂದಕ್ಕೊಂದು ಸ್ಪಂದಿಸುತ್ತವೆಯೇ ಎಂಬುದನ್ನು ಎತ್ತರದ ಕ್ರೇನಿಗೆ ತೂಗುಹಾಕಿ ಪರೀಕ್ಷಿಸಿದರು. ಕಾಲುಗಳನ್ನು ಚಂದ್ರನ ಮಣ್ಣನ್ನು ಹೋಲುವ ಹಾಸಿನ ಮೇಲೆ ಬೇರೆ ಬೇರೆ ಸ್ಥಿತಿಗಳಲ್ಲಿ ಇಳಿಸಿ ನೋಡಿದರು. ಪರೀಕ್ಷೆಯ ಕಾಲಂ ಖಾಲಿ ಇರುವ ಬದಲಾವಣೆ ಬರೀ ಆಸೆ. ‘ತಂಡಗಳ ನಡುವೆ ಸಂವಹನ ಸುಧಾರಿಸುವುದು’ ಎಂಬ ಸಾಲನ್ನು ಈ ಕಾಲಂನ ಎದುರಿಗಿಟ್ಟು ನೋಡಿ, ಅದು ನಿಲ್ಲುವುದಿಲ್ಲ. ‘ಬೆಲೆಪಟ್ಟಿ ಶುರುವಿಗೆ ಹತ್ತು ದಿನ ಮೊದಲು ಕೈಗೆ ಬರಬೇಕು, ಬಾರದಿದ್ದರೆ ಶುರು ಮುಂದೂಡಬೇಕು, ಮೊದಲು ಒಂದೇ ಮಳಿಗೆಯಲ್ಲಿ ಪೂರ್ತಿ ಪಟ್ಟಿ ಹಾಕಿ, ಶನಿವಾರದ ಜನಜಂಗುಳಿಯಲ್ಲಿ ನಡೆಸಿ ನೋಡಬೇಕು’ ಎಂಬ ಸಾಲು ನಿಲ್ಲುತ್ತದೆ.

ಬದಲಾವಣೆಗಳ ಪಟ್ಟಿ ಇಪ್ಪತ್ತೈದಕ್ಕೆ ಏರಿದರೆ ಅದೂ ಅಪಾಯದ ಸೂಚನೆಯೇ. ಯಾವುದು ಮುಖ್ಯವೆಂದು ತಂಡಕ್ಕೆ ತಿಳಿದಿಲ್ಲ ಎಂದರ್ಥ. ಐದಾರು ಸಾಕು, ಒಂದೊಂದಕ್ಕೂ ಒಬ್ಬರು ಹೊಣೆಗಾರರು, ಒಂದು ತಾರೀಕು ಇರಲಿ. ವ್ಯಕ್ತಿಗಳ ಹೆಸರು ಇಡೀ ಮಂಡನೆಯಲ್ಲಿ ಬರಬೇಕಾದ ಜಾಗ ಇದೊಂದೇ: ಮುಂದಿನ ಕೆಲಸ ಯಾರದೆಂದು ಹೇಳುವಲ್ಲಿ.

ಯಾರು ಮಾತಾಡಬೇಕು, ಯಾವಾಗ?

ಕ್ರಮ ಎಷ್ಟೇ ಚೆನ್ನಾಗಿದ್ದರೂ ಮೊದಲ ಮಾತು ಯಾರ ಬಾಯಿಂದ ಬರುತ್ತದೆ ಎಂಬುದು ಸಭೆಯ ಹದವನ್ನು ನಿರ್ಧರಿಸುತ್ತದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್‌ಎಲ್‌ವಿ-3ರ ಮೊದಲ ರಾಕೆಟ್ ಕವಾಟವೊಂದರ ದೋಷದಿಂದ ಬಂಗಾಳ ಕೊಲ್ಲಿಗೆ ಬಿತ್ತು. ಉಡಾವಣೆಗೆ ಮುನ್ನ ಕಂಪ್ಯೂಟರ್ ತಡೆ ಹಾಕಿದ್ದರೂ, ತಜ್ಞರೊಡನೆ ಮಾತಾಡಿ ಅದನ್ನು ಬದಿಗಿಟ್ಟು ಮುಂದುವರಿಯುವ ನಿರ್ಧಾರ ತಮ್ಮದಾಗಿತ್ತೆಂದು ಎ.ಪಿ.ಜೆ. ಅಬ್ದುಲ್ ಕಲಾಂ ಮುಂದೆ ಹಲವು ಸಲ ಹೇಳಿದ್ದಾರೆ. ಆದರೂ ಆ ದಿನ ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತವರು ಅಂದಿನ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ರಾಕೆಟ್ ಗೆದ್ದಾಗ ಮಾತಾಡುವ ಅವಕಾಶವನ್ನು ಅವರು ಕಲಾಂ ಅವರಿಗೆ ಬಿಟ್ಟುಕೊಟ್ಟರು.

ನಿಮ್ಮ ಕಚೇರಿಯ ಸಭೆಯಲ್ಲೂ ಫಲಿತಾಂಶದ ಸ್ಲೈಡನ್ನು ಎಲ್ಲರಿಗಿಂತ ಹಿರಿಯರು ಓದಲಿ. ಮಿತಿಗಳಿಗೆ ಒಪ್ಪಿಗೆ ಕೊಟ್ಟವರು ತಾವೂ ಎಂದು ಅವರೊಮ್ಮೆ ಹೇಳಿದರೆ, ಕಿರಿಯರು ತಾವು ಕಂಡದ್ದನ್ನು ಬಿಚ್ಚಿ ಹೇಳುತ್ತಾರೆ. ಕೆಲಸದಲ್ಲಿ ನೇರವಾಗಿ ಕೈಹಾಕಿದ್ದವರೇ ಸರಣಿಯನ್ನು ಮಂಡಿಸಲಿ. ಸಭೆಗೆ ಮೊದಲೇ ಅವರೊಬ್ಬೊಬ್ಬರ ಬಳಿ ಬೇರೆಯಾಗಿ ಕೂತು ಕರಡನ್ನು ತೋರಿಸಬೇಕು. ತನ್ನ ಕೆಲಸದ ಲೋಪವನ್ನು ಯಾರೂ ನಲವತ್ತು ಜನರ ಮುಂದೆ ಮೊದಲ ಸಲ ಕೇಳುವಂತಾಗಬಾರದು. ಹಾಗೆ ಕೂತಾಗಲೇ ಸರಣಿಯ ತಪ್ಪುಗಳೂ ತಿದ್ದಿಹೋಗುತ್ತವೆ.

ಹೊತ್ತಿನ ವಿಷಯದಲ್ಲಿ ಎರಡು ಕೆಲಸಗಳನ್ನು ಬೇರ್ಪಡಿಸಬೇಕು. ದಾಖಲೆ, ಇಮೇಲ್, ಲಾಗ್, ಅಂಕಿ ಇವನ್ನೆಲ್ಲ ಸೋತ ವಾರದಲ್ಲೇ ಕೂಡಿಸಿಡಬೇಕು. ನೆನಪು ಬೇಗ ಬಣ್ಣ ಬದಲಿಸುತ್ತದೆ. ಮಂಡನೆ ಎರಡು ಮೂರು ವಾರ ಕಳೆದು ನಡೆಯಲಿ, ಬಿಸಿ ಆರಿರುತ್ತದೆ. ತಿಂಗಳುಗಟ್ಟಲೆ ತಳ್ಳಿದರೆ ತಂಡವೇ ಚದುರಿಹೋಗಿರುತ್ತದೆ.

ಕೊನೆಯ ಸ್ಲೈಡ್: ಏನು ನಿರ್ಧರಿಸಬೇಕು?

ಬಹಳ ಮಂಡನೆಗಳು ‘ಕಲಿತ ಪಾಠಗಳು’ ಎಂಬ ಸ್ಲೈಡಿನಲ್ಲಿ ಮುಗಿಯುತ್ತವೆ. ಅದರ ಬದಲು ಸಭೆ ಇಂದೇ ಉತ್ತರಿಸಬೇಕಾದ ಎರಡು ಮೂರು ಪ್ರಶ್ನೆಗಳಿರಲಿ. ಮುಂದುವರಿಸುವುದೋ, ಬದಲಿಸುವುದೋ, ನಿಲ್ಲಿಸುವುದೋ? ಮುಂದುವರಿಸಿದರೆ ಇಷ್ಟು ಹಣ, ಇಷ್ಟು ತಿಂಗಳು, ಇಷ್ಟು ಜನ ಬೇಕು, ಕೊಡುತ್ತೀರಾ? ಎಲ್ಲ ಬದಲಾವಣೆ ಮಾಡಿದ ಮೇಲೂ ಇಂಥಿಂಥ ಅಪಾಯ ಉಳಿಯುತ್ತದೆ, ಅದಕ್ಕೆ ಒಪ್ಪಿಗೆಯಿದೆಯೇ?

ಉಳಿದ ಅಪಾಯವನ್ನು ಹೇಳುವಾಗ ಧ್ವನಿ ತಗ್ಗಿಸಬಾರದು. ಎಲ್ಲ ಸರಿಹೋಗುತ್ತದೆಂದು ಭರವಸೆ ಕೊಟ್ಟರೆ, ಎಲ್ಲ ಸರಿಹೋದರೆ ಎಂಬ ಹಳೆಯ ಎಣಿಕೆಗೇ ಮರಳಿದಂತಾಗುತ್ತದೆ. ನಿಲ್ಲಿಸುವ ನಿರ್ಧಾರವೂ ಮುಂದಕ್ಕೆ ನೋಡುವ ನಿರ್ಧಾರವೇ. ಉಳಿದದ್ದನ್ನು ಬೇರೆಡೆಗೆ ಒಯ್ಯಲು ಎರಡನೇ ಸ್ಲೈಡಿನ ದಾಸ್ತಾನಿನ ಪಟ್ಟಿ ಆಗ ಕೈಗೆ ಬರುತ್ತದೆ.

ಸಭೆ ಏಳುವ ಮೊದಲು ಇನ್ನೊಂದು ತಾರೀಕು ಗೊತ್ತುಮಾಡಿ. ಮೂರು ತಿಂಗಳ ನಂತರ ಇದೇ ಜನ ಅರ್ಧ ಗಂಟೆ ಕೂರಬೇಕು. ಆ ದಿನ ಹೊಸ ಸ್ಲೈಡ್ ಬೇಡ. ಐದಾರು ಬದಲಾವಣೆಗಳ ಪಟ್ಟಿಯನ್ನೇ ತೆರೆದು, ಪರೀಕ್ಷೆಯ ಕಾಲಂನಲ್ಲಿ ಫಲಿತಾಂಶ ತುಂಬಬೇಕು. ತುಂಬಲಾಗದ ಸಾಲಿದ್ದರೆ ಅದಕ್ಕೆ ಹಣವೋ ಜನವೋ ಸಿಗಲಿಲ್ಲವೇ, ಅಥವಾ ಆ ಬದಲಾವಣೆಯೇ ತಪ್ಪಾಗಿತ್ತೇ ಎಂದು ಅಲ್ಲೇ ಕೇಳಬೇಕು. ಮೊದಲ ಸಭೆ ಸಾರ್ಥಕವಾಯಿತೇ ಎಂಬುದು ತಿಳಿಯುವುದು ಈ ಎರಡನೇ ಸಭೆಯಲ್ಲಿ, ಆ ಕಾಲಂ ತುಂಬಿದೆಯೇ ಎಂಬುದರಿಂದ.